ಮಾತ್ರೆಯ ಹೊತ್ತು, ಬಚ್ಚಲಿನ ಹೊತ್ತು: ಆಲ್ಫಾ ಬ್ಲಾಕರ್ ಮತ್ತು ಮೊದಲ ಡೋಸಿನ ತಲೆಸುತ್ತು

(ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಸಭೆಯಲ್ಲಿರುವ ಹಿರಿಯರೇ, ಈ ದಿನ ನಾನು ಒಂದೇ ಬಗೆಯ ಮಾತ್ರೆಯ ಬಗ್ಗೆ, ಅದರಲ್ಲಿಯೂ ಆ ಮಾತ್ರೆಯನ್ನು ಶುರುಮಾಡಿದ ಮೊದಲ ರಾತ್ರಿಯ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇನೆ. ಅರವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ಧಾರೆ ಸಣ್ಣಗಾಗುವುದೂ, ಅದೇ ವಯಸ್ಸಿನಲ್ಲಿ ಬಿ.ಪಿ. ಏರಿರುವುದೂ ಬಹಳ ಸಾಮಾನ್ಯ. ಈ ಎರಡೂ ಒಬ್ಬರಲ್ಲಿಯೇ ಇದ್ದಾಗ ವೈದ್ಯರ ಚೀಟಿಯಲ್ಲಿ ಆಲ್ಫಾ ಬ್ಲಾಕರ್ ಗುಂಪಿನ ಒಂದು ಮಾತ್ರೆ ಸೇರಿಕೊಳ್ಳುತ್ತದೆ. ಪ್ರಾಜೋಸಿನ್, ಟೆರಾಜೋಸಿನ್, ಡಾಕ್ಸಾಜೋಸಿನ್, ಆಲ್ಫ್ಯೂಜೋಸಿನ್, ಟ್ಯಾಮ್ಸುಲೋಸಿನ್, ಸಿಲೋಡೋಸಿನ್ ಇವೆಲ್ಲ ಆ ಗುಂಪಿಗೆ ಸೇರಿದವು. ಕಂಪನಿಯ ಹೆಸರು ಏನೇ ಇರಲಿ, ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು "ಓಸಿನ್" ಎಂದು ಮುಗಿಯುತ್ತಿದ್ದರೆ ಈ ಮಾತ್ರೆ ಇರಬಹುದೆಂದು ಊಹಿಸಿ, ಔಷಧದ ಅಂಗಡಿಯಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು.

ಮೂತ್ರಚೀಲದ ಬಾಯಿಯ ಸುತ್ತ ಬಳೆಯ ಹಾಗೆ ಕುಳಿತಿರುವ ಈ ಗ್ರಂಥಿಯ ನಡುವಿನಿಂದಲೇ ಮೂತ್ರನಾಳ ಹಾದುಹೋಗುತ್ತದೆ. ಗ್ರಂಥಿ ಊದಿಕೊಂಡಾಗ ನಾಳ ಇಕ್ಕಟ್ಟಾಗುವುದು ಎಲ್ಲರಿಗೂ ಅರ್ಥವಾಗುವ ವಿಷಯ. ಆದರೆ ಇಕ್ಕಟ್ಟಿಗೆ ಇನ್ನೊಂದು ಕಾರಣವೂ ಇದೆ. ಗ್ರಂಥಿಯೊಳಗೆ, ಮೂತ್ರಚೀಲದ ಕುತ್ತಿಗೆಯಲ್ಲಿ, ನಮ್ಮ ಇಚ್ಛೆಗೆ ಒಳಪಡದ ನಯವಾದ ಸ್ನಾಯುವಿನ ಎಳೆಗಳಿವೆ, ಅವು ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತವೆ. ಜೆರುಸಲೇಮಿನ ಮೂತ್ರಾಂಗ ತಜ್ಞ ಮಾರ್ಕೋ ಕೇನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಈ ಬಿಗಿತದ ಬೀಗ ಎಲ್ಲಿದೆ ಎಂಬುದನ್ನು ತೋರಿಸಿಕೊಟ್ಟರು. ಆ ಎಳೆಗಳ ಮೇಲೆ ಆಲ್ಫಾ ಗ್ರಾಹಕಗಳಿವೆ, ನರಗಳಿಂದ ಬರುವ ನಾರ್‌ಅಡ್ರಿನಲಿನ್ ಅವುಗಳಿಗೆ ಅಂಟಿಕೊಂಡಾಗ ಸ್ನಾಯು ಬಿಗಿಯುತ್ತದೆ, ಆ ಜಾಗವನ್ನು ಔಷಧದಿಂದ ಮುಚ್ಚಿಬಿಟ್ಟರೆ ಸ್ನಾಯು ಸಡಿಲವಾಗಿ ಧಾರೆ ಸರಾಗವಾಗುತ್ತದೆ. ಈ ಮಾತ್ರೆಗಳಿಂದ ಗ್ರಂಥಿಯ ಗಾತ್ರ ಕುಗ್ಗುವುದಿಲ್ಲ. ಬಿಗಿತವಷ್ಟೇ ಇಳಿಯುವುದರಿಂದಲೇ ಇವುಗಳ ಗುಣ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರಗಳಲ್ಲಿ ಕಾಣತೊಡಗುತ್ತದೆ.

ತೊಂದರೆ ಎಂದರೆ, ಅದೇ ಬಗೆಯ ಗ್ರಾಹಕಗಳು ರಕ್ತನಾಳಗಳ ಗೋಡೆಯಲ್ಲಿಯೂ ಇವೆ. ಮಲಗಿದ್ದವರು ಎದ್ದು ನಿಂತ ಕ್ಷಣದಲ್ಲಿ ಸುಮಾರು ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ತನ್ನ ಭಾರಕ್ಕೆ ತಾನೇ ಹೊಟ್ಟೆಯ ಕೆಳಭಾಗಕ್ಕೆ, ಕಾಲುಗಳಿಗೆ ಇಳಿದುಬಿಡುತ್ತದೆ. ನಮಗೆ ಅದು ಗೊತ್ತಾಗದಿರುವುದಕ್ಕೆ ಕಾರಣ, ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರರು ಕೂಡಲೇ ಮೆದುಳಿಗೆ ಸುದ್ದಿ ಮುಟ್ಟಿಸಿ, ಕಾಲು ಮತ್ತು ಹೊಟ್ಟೆಯ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತವನ್ನು ಮೇಲಕ್ಕೆ ಒತ್ತಿಬಿಡುತ್ತಾರೆ. ಆ ಬಿಗಿಯುವ ಆಜ್ಞೆ ನಾಳಗಳನ್ನು ತಲುಪುವುದು ಇದೇ ಆಲ್ಫಾ ಗ್ರಾಹಕಗಳ ಮೂಲಕ. ಮಾತ್ರೆ ಆ ಜಾಗವನ್ನು ಮುಚ್ಚಿ ಕುಳಿತಿದ್ದರೆ ಆಜ್ಞೆ ಹೊರಟರೂ ಕೆಲಸ ನಡೆಯುವುದಿಲ್ಲ. ಹೃದಯ ತನ್ನ ಬಡಿತವನ್ನು ಹೆಚ್ಚಿಸಿ ಸರಿದೂಗಿಸಲು ನೋಡುತ್ತದೆ, ಎದೆ ಡವಡವ ಎನ್ನುತ್ತದೆ, ಅಷ್ಟೂ ಸಾಲದೆ ಹೋದಾಗ ಕಣ್ಣು ಕತ್ತಲಿಟ್ಟು ವ್ಯಕ್ತಿ ಕುಸಿಯುತ್ತಾನೆ.

ಇದು ಮೊದಲ ಡೋಸಿಗೇ ಏಕೆ ಹೆಚ್ಚು ಎಂಬುದು ಸಹಜವಾದ ಪ್ರಶ್ನೆ. ಬಿ.ಪಿ.ಗೆಂದು 1970ರ ದಶಕದಲ್ಲಿ ಪ್ರಾಜೋಸಿನ್ ಬಳಕೆಗೆ ಬಂದಾಗ, ಮೊದಲ ಮಾತ್ರೆ ನುಂಗಿದ ಕೆಲವರು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎಚ್ಚರ ತಪ್ಪಿ ಬಿದ್ದರು. 2 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಡೋಸಿನಿಂದ ಶುರುಮಾಡಿದ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೀಗಾಗುತ್ತಿತ್ತು. ಅದೇ ಜನ ಅದೇ ಮಾತ್ರೆಯನ್ನು ಮುಂದುವರಿಸಿದಾಗ ಕೆಲವು ದಿನಗಳಲ್ಲಿ ತಲೆಸುತ್ತು ಕಡಿಮೆಯಾಗುತ್ತಿತ್ತು, ಏಕೆಂದರೆ ದೇಹ ಸ್ವಲ್ಪ ಉಪ್ಪುನೀರನ್ನು ಹಿಡಿದಿಟ್ಟುಕೊಂಡು, ಉಳಿದ ದಾರಿಗಳಿಂದ ಒತ್ತಡವನ್ನು ಕಾಯ್ದುಕೊಂಡು ಮಾತ್ರೆಗೆ ಹೊಂದಿಕೊಳ್ಳುತ್ತದೆ. ಆ ಹೊಂದಾಣಿಕೆಗೆ ಸಮಯ ಕೊಡುವುದಕ್ಕಾಗಿಯೇ 1 ಮಿಲಿಗ್ರಾಮಿನಂಥ ಸಣ್ಣ ಡೋಸಿನಿಂದ ಶುರುಮಾಡುವ, ಮಲಗುವ ಹೊತ್ತಿಗೆ ಮಾತ್ರೆ ಕೊಡುವ ಪದ್ಧತಿ ಬೆಳೆದು ಬಂತು.

ಮಲಗುವಾಗ ಮಾತ್ರೆ ಎಂಬ ಈ ಸಲಹೆಯ ಬಗ್ಗೆ ನಾನು ಸ್ವಲ್ಪ ನಿಂತು ಹೇಳಬೇಕಾಗಿದೆ. ಮಾತ್ರೆಯ ಪ್ರಭಾವ ಏರುವ ಹೊತ್ತಿನಲ್ಲಿ ರೋಗಿ ಮಲಗಿಯೇ ಇದ್ದರೆ ರಕ್ತ ಕಾಲಿಗೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಬೆಳಗಿನವರೆಗೆ ಏಳದೆ ಮಲಗುವವರ ಮಟ್ಟಿಗೆ ಆ ಲೆಕ್ಕ ಸರಿ. ಆದರೆ ಪ್ರಾಸ್ಟೇಟ್ ತೊಂದರೆಯಿರುವ ಮನುಷ್ಯ ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವವನು, ಅದಕ್ಕಾಗಿಯೇ ಮಾತ್ರೆ ತೆಗೆದುಕೊಳ್ಳುತ್ತಿರುವವನು. ಡಾಕ್ಸಾಜೋಸಿನ್ ನುಂಗಿದ ಎರಡರಿಂದ ಆರು ಗಂಟೆಯೊಳಗೆ ಅದರ ಪ್ರಭಾವ ಹೆಚ್ಚಿರುತ್ತದೆ. ರಾತ್ರಿ ಹತ್ತಕ್ಕೆ ನುಂಗಿದರೆ ಹನ್ನೆರಡರಿಂದ ನಾಲ್ಕು ಗಂಟೆಯ ನಡುವೆ, ಅಂದರೆ ಆತ ನಿದ್ದೆಗಣ್ಣಿನಲ್ಲಿ ಎದ್ದು ಕತ್ತಲಲ್ಲಿ ಬಚ್ಚಲಿಗೆ ನಡೆಯುವ ಹೊತ್ತಿಗೇ ಅದು ಸರಿಯಾಗಿ ಬೀಳುತ್ತದೆ. ಮೂತ್ರ ಹೋಗುವಾಗ ತುಂಬಿದ ಚೀಲ ಬರಿದಾದಂತೆ ಒತ್ತಡ ಇಳಿಯುವುದು ಮಾತ್ರೆಯಿಲ್ಲದವರಲ್ಲಿಯೂ ಉಂಟು, ಧಾರೆ ಬರಲೆಂದು ಮುಕ್ಕುವುದರಿಂದ ಹೃದಯಕ್ಕೆ ಮರಳುವ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ಮಾತ್ರೆಯ ಹೊತ್ತೂ ಬಚ್ಚಲಿನ ಹೊತ್ತೂ ಹೀಗೆ ಒಂದರ ಮೇಲೊಂದು ಬಂದಾಗಲೇ ನನ್ನ ಬಳಿ ಬರುವ ಹಣೆ ಒಡೆದುಕೊಂಡ, ಮಣಿಕಟ್ಟು ಮುರಿದುಕೊಂಡ ಹಿರಿಯರಲ್ಲಿ ಹೆಚ್ಚಿನವರು ಬಿದ್ದಿರುತ್ತಾರೆ. ಮಾತ್ರೆ ಬರೆಯುವ ನಾವು ವೈದ್ಯರು ಇದನ್ನು ಎದುರು ಕೂರಿಸಿಕೊಂಡು ಹೇಳಬೇಕಾದದ್ದು ನಮ್ಮ ಕರ್ತವ್ಯ ಎಂದು ನಾನು ಬಲವಾಗಿ ನಂಬಿದ್ದೇನೆ.

ಒಬ್ಬರ ವಿಷಯವನ್ನು ಗುರುತು ಬಿಟ್ಟು ಹೇಳುತ್ತೇನೆ. ಅವರಿಗೆ 69 ವರ್ಷ. ಹನ್ನೆರಡು ವರ್ಷಗಳಿಂದ ಬಿ.ಪಿ. ಇದ್ದು, ಬೆಳಿಗ್ಗೆ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಮತ್ತು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ 12.5 ಮಿಲಿಗ್ರಾಂ ಎರಡೂ ಸೇರಿದ ಒಂದು ಮಾತ್ರೆ ನುಂಗುತ್ತಿದ್ದರು. ರಾತ್ರಿ ಮೂರು ಸಲ ಏಳಬೇಕಾಗುತ್ತಿದ್ದುದರಿಂದ ಡಾಕ್ಸಾಜೋಸಿನ್ ಶುರುವಾಯಿತು. ಮೊದಲ ವಾರ 1 ಮಿಲಿಗ್ರಾಂ, ಮುಂದಿನ ಎರಡು ವಾರ 2, ಆಮೇಲೆ 4. ಎರಡು ತಿಂಗಳು ಯಾವ ತಾಪತ್ರಯವೂ ಇರಲಿಲ್ಲ, ರಾತ್ರಿ ಒಂದೇ ಸಲ ಏಳುವಷ್ಟು ಸುಧಾರಿಸಿತು. ಆಮೇಲೆ ಮೊಮ್ಮಗುವಿನ ನಾಮಕರಣಕ್ಕೆಂದು ಹುಬ್ಬಳ್ಳಿಗೆ ಮಗಳ ಮನೆಗೆ ಹೋದರು. ಬೆಳಗಿನ ಬಿ.ಪಿ. ಮಾತ್ರೆ ಚೀಲದಲ್ಲಿತ್ತು, ರಾತ್ರಿಯ ಮಾತ್ರೆಯ ಪಟ್ಟಿ ಮನೆಯ ತಲೆದಿಂಬಿನ ಪಕ್ಕದ ಕಿಟಕಿಯಲ್ಲಿಯೇ ಉಳಿದಿತ್ತು. ಒಂಬತ್ತು ದಿನ ಅದಿಲ್ಲದೆ ಕಳೆದರು. ಊರಿಗೆ ಮರಳುವ ದಿನ ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದೀತೆಂಬ ಹೆದರಿಕೆಯಿಂದ ಬೆಳಗಿನಿಂದ ಒಂದು ಲೋಟ ಕಾಫಿಯ ಹೊರತು ಏನನ್ನೂ ಕುಡಿದಿರಲಿಲ್ಲ. ಪ್ರಾಸ್ಟೇಟ್ ಇರುವ ಎಷ್ಟು ಜನ ಪ್ರಯಾಣದ ದಿನ ಹೀಗೆ ಬಾಯಿ ಒಣಗಿಸಿಕೊಂಡು ಕೂರುತ್ತಾರೆ ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತು.

ರಾತ್ರಿ ಎಂಟಕ್ಕೆ ಮನೆ ಸೇರಿ, ಊಟ ಮಾಡಿ, ಹತ್ತಕ್ಕೆ ಕಿಟಕಿಯಲ್ಲಿದ್ದ 4 ಮಿಲಿಗ್ರಾಂ ಮಾತ್ರೆ ನುಂಗಿ ಮಲಗಿದರು. ಹನ್ನೆರಡೂವರೆಗೆ ಎಚ್ಚರವಾಗಿ ಬಚ್ಚಲಿಗೆ ಹೋಗಿ ನಿಂತಿದ್ದಾರೆ. ಕುತ್ತಿಗೆಯ ಹಿಂದೆ ಏನೋ ಹಿಂಡಿದಂತಾಯಿತು, ಕಣ್ಣ ಮುಂದೆ ಮಂಜು ಕವಿದಂತಾಯಿತು, ಮುಂದಿನದು ನೆನಪಿಲ್ಲ ಎಂದು ಅವರು ನನಗೆ ಹೇಳಿದರು. ಸದ್ದು ಕೇಳಿ ಓಡಿ ಬಂದ ಹೆಂಡತಿ "ಏನ್ರೀ ಆಯ್ತು, ಏಳ್ರೀ" ಎನ್ನುತ್ತ ಮಗನನ್ನು ಕೂಗಿ, ಇಬ್ಬರೂ ಸೇರಿ ಕಂಕುಳಿಗೆ ಕೈಕೊಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಲು ಹೋದರು. ಕೂರಿಸಿದ ಒಂದು ನಿಮಿಷಕ್ಕೆ ಅವರು ಮತ್ತೆ ಕತ್ತು ವಾಲಿಸಿದರು. ಮಗ ಗಾಬರಿಯಿಂದ ನೆಲದ ಮೇಲೆ ಮಲಗಿಸಿದ ಮೇಲೆಯೇ ಮುಖಕ್ಕೆ ರಕ್ತ ಬಂದು ಕಣ್ಣು ಬಿಟ್ಟರು. ಬಿದ್ದವರನ್ನು ಎತ್ತಿ ಕೂರಿಸುವುದು ನಮ್ಮ ಪ್ರೀತಿಯ ಮೊದಲ ಕೈ, ಆದರೆ ಈ ಸಂದರ್ಭದಲ್ಲಿ ಅದು ಮೆದುಳಿಗೆ ಬರಬೇಕಾದ ರಕ್ತವನ್ನು ಮತ್ತೆ ಕೆಳಕ್ಕೆ ಇಳಿಸಿದಂತೆ. ಅವರನ್ನು ಇದ್ದಲ್ಲಿಯೇ ಅಂಗಾತ ಮಲಗಿಸಿ, ಕಾಲುಗಳ ಕೆಳಗೆ ಎರಡು ದಿಂಬು ಇಟ್ಟು ಎತ್ತರಿಸಬೇಕು, ಪೂರ್ತಿ ಎಚ್ಚರವಾಗಿ ಸರಿಯಾಗಿ ಮಾತನಾಡುವವರೆಗೆ ಬಾಯಿಗೆ ನೀರು ಹಾಕಬಾರದು.

ಮರುದಿನ ಬೆಳಿಗ್ಗೆ ಬಂದಾಗ ಮಗ ಹೇಳಿದ್ದು, "ಮನೆಯಲ್ಲಿ ಮಿಷಿನ್‌ನಲ್ಲಿ ನೋಡಿದೆವು ಡಾಕ್ಟ್ರೇ, 128/78 ಇತ್ತು, ಬಿ.ಪಿ. ಸರಿಯಾಗಿಯೇ ಇದೆ." ಅವರು ನೋಡಿದ್ದು ಕೂರಿಸಿ. ನಾನು ಐದು ನಿಮಿಷ ಮಲಗಿಸಿ ನೋಡಿದಾಗ 136/80, ನಾಡಿ 78. ಪಕ್ಕದಲ್ಲಿ ಕೈಹಿಡಿದು ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದಾಗ 102/64, ನಾಡಿ 100, ಮೂರನೆಯ ನಿಮಿಷಕ್ಕೆ 106/66. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ನಿಂತಾಗಿನ ಬಿ.ಪಿ. ಕುಸಿತ ಎಂದು ನಾವು ಕರೆಯುತ್ತೇವೆ. ಇವರಲ್ಲಿ ಮೇಲಿನದು 34 ಇಳಿದಿತ್ತು. ಕೂತಲ್ಲಿ ನೋಡಿದ ಬಿ.ಪಿ. ಈ ತೊಂದರೆಯನ್ನು ಹೇಗೆ ಮುಚ್ಚಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ತಲೆಸುತ್ತು ಎಂದು ಹೇಳುವ, ಈ ಮಾತ್ರೆ ತೆಗೆದುಕೊಳ್ಳುವ ಯಾರಿಗೇ ಆಗಲಿ ಮಲಗಿಸಿ ಒಮ್ಮೆ, ನಿಲ್ಲಿಸಿ ಎರಡು ಸಲ ನೋಡದೆ ಬಿ.ಪಿ. ಸರಿಯಿದೆ ಎಂದು ಹೇಳಿ ಕಳಿಸಬಾರದು. ಮನೆಯಲ್ಲಿಯೂ ನೀವು ಹೀಗೆಯೇ ನೋಡಬಹುದು, ಆದರೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಮತ್ತು ಹಿಂದೆ ಮಂಚ ಇರಬೇಕು.

ಇಲ್ಲಿ ತಪ್ಪಿದ್ದು ಏನು? ಒಂಬತ್ತು ದಿನದ ಬಿಡುವಿನಲ್ಲಿ ದೇಹ ಮಾತ್ರೆಗೆ ಹೊಂದಿಕೊಂಡಿದ್ದನ್ನು ಮರೆತುಬಿಟ್ಟಿತ್ತು. ಆದ್ದರಿಂದ ಆ ರಾತ್ರಿಯ ಮಾತ್ರೆ ಅವರ ಮಟ್ಟಿಗೆ ಮತ್ತೊಂದು ಮೊದಲ ಡೋಸು, ಅದೂ 1 ಮಿಲಿಗ್ರಾಂ ಬದಲು 4 ಮಿಲಿಗ್ರಾಮಿನದು. ಮೊದಲ ಡೋಸು ಎಂದರೆ ಜೀವನದಲ್ಲಿ ಒಂದೇ ಸಲ ಬರುವಂಥದ್ದೆಂದು ಜನ ತಿಳಿದಿರುತ್ತಾರೆ, ಹಾಗಲ್ಲ. ಡೋಸು ಏರಿಸಿದ ದಿನ ಅದು ಬರುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಹಿಡಿದ ದಿನ ಬರುತ್ತದೆ, ಇನ್ನೊಂದು ಬಿ.ಪಿ. ಮಾತ್ರೆಯನ್ನು ಹೊಸದಾಗಿ ಸೇರಿಸಿದ ದಿನವೂ ಬರಬಹುದು. ಒಂದು ರಾತ್ರಿ ಮರೆತರೆ ಮರುದಿನದ ಹೊತ್ತಿಗೆ ಎಂದಿನ ಒಂದೇ ಮಾತ್ರೆ ಸಾಕು, ಎರಡನ್ನು ಒಟ್ಟಿಗೆ ನುಂಗಬಾರದು. ಮೂರು ನಾಲ್ಕು ದಿನ ತಪ್ಪಿದ್ದರೆ ಹಳೆಯ ಡೋಸಿಗೆ ಕೈಹಾಕದೆ ವೈದ್ಯರಿಗೆ ಫೋನು ಮಾಡಿ ಕೇಳಬೇಕು. ಡಾಕ್ಸಾಜೋಸಿನ್, ಟೆರಾಜೋಸಿನ್, ಪ್ರಾಜೋಸಿನ್ ಇವುಗಳನ್ನು ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕಾಗುತ್ತದೆ.

ಎರಡನೆಯ ಕಾರಣ ನೀರಿನ ಕೊರತೆ. ಮೂತ್ರ ಹೆಚ್ಚಿಸುವ ಮಾತ್ರೆ ದಿನವೂ ಉಪ್ಪನ್ನೂ ನೀರನ್ನೂ ಹೊರಹಾಕುತ್ತಿತ್ತು, ಅದರ ಮೇಲೆ ಬಸ್ಸಿನ ಉಪವಾಸ. ರಕ್ತದ ಪ್ರಮಾಣವೇ ಕಡಿಮೆಯಿದ್ದಾಗ ಕಾಲಿಗೆ ಇಳಿದ ಅರ್ಧ ಲೀಟರಿನ ನಷ್ಟವನ್ನು ದೇಹ ತಾಳಿಕೊಳ್ಳಲಾರದು. ಭೇದಿಯಾದ ದಿನ, ಏಕಾದಶಿಯ ನಿರ್ಜಲ ಉಪವಾಸದ ದಿನ, ರಂಜಾನಿನ ಹಗಲು, ಬೇಸಿಗೆಯ ಹೊಲದ ಕೆಲಸದ ದಿನ ಇದೇ ಮಾತು ಅನ್ವಯಿಸುತ್ತದೆ. ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಹೃದಯ ಬಡಿತ ಹೆಚ್ಚಿಸಿ ಸರಿದೂಗಿಸುವ ದಾರಿಯೂ ಅರ್ಧ ಮುಚ್ಚಿರುತ್ತದೆ, ಆದ್ದರಿಂದ ಅವರಲ್ಲಿ ಕುಸಿತ ಇನ್ನೂ ಜೋರು. ಲೈಂಗಿಕ ದೌರ್ಬಲ್ಯಕ್ಕೆಂದು ಸಿಲ್ಡೆನಾಫಿಲ್, ಟಡಾಲಾಫಿಲ್ ತೆಗೆದುಕೊಳ್ಳುವವರು ಸಂಕೋಚದಿಂದ ಅದನ್ನು ವೈದ್ಯರಿಗೆ ಹೇಳುವುದಿಲ್ಲ. ಆ ಮಾತ್ರೆಗಳೂ ರಕ್ತನಾಳವನ್ನು ಹಿಗ್ಗಿಸುವಂಥವು, ಎರಡೂ ಸೇರಿದರೆ ಒತ್ತಡ ಒಮ್ಮೆಲೇ ಇಳಿಯಬಹುದು. ಬಾಗಿಲು ಹಾಕಿ ಒಂದು ಮಾತು ಹೇಳಿ, ನಾವು ಡೋಸು ನೋಡಿ ಹೊಂದಿಸಿಕೊಡುತ್ತೇವೆ.

ಎಚ್ಚರ ತಪ್ಪಿದ್ದೆಲ್ಲ ಮಾತ್ರೆಯಿಂದಲೇ ಎಂದು ತೀರ್ಮಾನಿಸಲೂ ಬಾರದು. ಈ ವಯಸ್ಸಿನಲ್ಲಿ ಹೃದಯದ ಲಯ ತಪ್ಪುವುದರಿಂದ, ಸಕ್ಕರೆ ಇಳಿಯುವುದರಿಂದ, ಒಳಗೆ ರಕ್ತಸ್ರಾವವಾಗುವುದರಿಂದಲೂ ಬೀಳುತ್ತಾರೆ. ಅದಕ್ಕಾಗಿ ಅವರ ಇ.ಸಿ.ಜಿ., ಸಕ್ಕರೆ, ಸೋಡಿಯಂ ನೋಡಿದೆ. ಸೋಡಿಯಂ ಸ್ವಲ್ಪ ಕಡಿಮೆಯಿತ್ತು, ಉಳಿದದ್ದು ಸರಿಯಿತ್ತು. ಕೂತಾಗ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ಎದೆನೋವು ಬಂದರೆ, ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಮಾಡಿಕೊಂಡರೆ ಹೊರಗೆ ಗಾಯ ಕಾಣದಿದ್ದರೂ ಹೋಗಬೇಕು.

ಅವರಿಗೆ ಡಾಕ್ಸಾಜೋಸಿನ್ ನಿಲ್ಲಿಸಿ, ಬೆಳಗಿನ ಮಾತ್ರೆಯಿಂದ ಹೈಡ್ರೋಕ್ಲೋರೋಥಯಾಜೈಡನ್ನು ಬಿಡಿಸಿ ಬರೀ ಟೆಲ್ಮಿಸಾರ್ಟಾನ್ ಉಳಿಸಿದೆ. ನೀರನ್ನು ಹಗಲಿನಲ್ಲಿ ಚೆನ್ನಾಗಿ ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಲು ಹೇಳಿದೆ. ನಾಲ್ಕನೆಯ ದಿನ ನಿಂತಾಗಿನ ಬಿ.ಪಿ. ನೆಟ್ಟಗಾದ ಮೇಲೆ ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಶುರುಮಾಡಿದೆ. ಪ್ರಾಸ್ಟೇಟಿನಲ್ಲಿರುವ ಆಲ್ಫಾ ಗ್ರಾಹಕದ ಒಳಬಗೆಯೇ ಬೇರೆ, ರಕ್ತನಾಳದಲ್ಲಿ ಹೆಚ್ಚಿರುವ ಒಳಬಗೆಯೇ ಬೇರೆ. ಟ್ಯಾಮ್ಸುಲೋಸಿನ್ ಮತ್ತು ಸಿಲೋಡೋಸಿನ್ ಮೊದಲನೆಯದನ್ನೇ ಹೆಚ್ಚು ಹಿಡಿಯುವುದರಿಂದ ಅವುಗಳಲ್ಲಿ ಬಿ.ಪಿ. ಇಳಿತ ಕಡಿಮೆ, ಮೆಟ್ಟಿಲು ಹತ್ತಿಸುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಕಡಿಮೆ ಎಂದೆನೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ. ಟ್ಯಾಮ್ಸುಲೋಸಿನ್ ಶುರುಮಾಡಿದ ಮೊದಲ ಎಂಟು ವಾರಗಳಲ್ಲಿ, ಬಿಟ್ಟು ಮತ್ತೆ ಹಿಡಿದಾಗಲೂ, ಆಸ್ಪತ್ರೆಗೆ ಸೇರುವಷ್ಟು ಬಿ.ಪಿ. ಕುಸಿತ ಹೆಚ್ಚುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಇದನ್ನು ದಿನವೂ ಒಂದೇ ಊಟದ ಅರ್ಧ ಗಂಟೆಯ ನಂತರ ತೆಗೆದುಕೊಳ್ಳಬೇಕೆಂದು ಹೇಳುವುದಕ್ಕೂ ಕಾರಣವಿದೆ. ಬರಿಹೊಟ್ಟೆಯಲ್ಲಿ ನುಂಗಿದರೆ ರಕ್ತದಲ್ಲಿ ಔಷಧದ ಮಟ್ಟ ಅರ್ಧದಷ್ಟು ಹೆಚ್ಚೇ ಏರಬಹುದು, ಆಗ ತಲೆಸುತ್ತೂ ಹೆಚ್ಚು. ಊಟ ಬಿಟ್ಟ ರಾತ್ರಿ ಮಾತ್ರೆ ಮಾತ್ರ ನುಂಗಿ ಮಲಗುವವರು ಇದನ್ನು ಗಮನಿಸಬೇಕು.

"ಎರಡು ಕಾಯಿಲೆಗೆ ಒಂದೇ ಮಾತ್ರೆ ಸಾಕಾಗುವುದಿಲ್ಲವೇ, ಡಾಕ್ಸಾಜೋಸಿನ್ ಬಿ.ಪಿ.ಯನ್ನೂ ಇಳಿಸುತ್ತದಲ್ಲ" ಎಂದು ಸಭಿಕರೊಬ್ಬರು ಕೇಳಿದರು. ಒಂದು ಕಾಲಕ್ಕೆ ವೈದ್ಯರೂ ಹೀಗೆಯೇ ಯೋಚಿಸಿದ್ದರು. ಅಮೆರಿಕದಲ್ಲಿ ನಡೆದ ಆಲ್‌ಹ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ 24 ಸಾವಿರಕ್ಕೂ ಹೆಚ್ಚು ಬಿ.ಪಿ. ರೋಗಿಗಳನ್ನು ಎರಡು ಭಾಗ ಮಾಡಿ, ಕೆಲವರಿಗೆ ಡಾಕ್ಸಾಜೋಸಿನ್, ಉಳಿದವರಿಗೆ ಕ್ಲೋರ್‌ಥ್ಯಾಲಿಡೋನ್ ಎಂಬ ಹಳೆಯ, ಅಗ್ಗದ ಮೂತ್ರವರ್ಧಕ ಕೊಟ್ಟು ಹೋಲಿಸಿದರು. ಡಾಕ್ಸಾಜೋಸಿನ್ ಗುಂಪಿನಲ್ಲಿ ಹೃದಯ ವೈಫಲ್ಯ ಸುಮಾರು ಎರಡು ಪಟ್ಟು ಕಂಡುಬಂದದ್ದರಿಂದ 2000ದಲ್ಲಿ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಿಬಿಟ್ಟರು. ಆದ್ದರಿಂದ ಬಿ.ಪಿ.ಗೆ ಮೊದಲ ಆಯ್ಕೆಯಾಗಿ ಈ ಗುಂಪನ್ನು ಈಗ ಬಳಸುವುದಿಲ್ಲ. ಬೇರೆ ಮಾತ್ರೆಗಳಿಗೆ ಬಗ್ಗದ ಬಿ.ಪಿ.ಗೆ ಅವುಗಳ ಜೊತೆಗೆ ಹೆಚ್ಚುವರಿ ಮಾತ್ರೆಯಾಗಿ ಕೊಡುವುದುಂಟು, ಮೂತ್ರಪಿಂಡದ ತಜ್ಞರು ಪ್ರಾಜೋಸಿನ್ನನ್ನು ಹಾಗೆ ಬರೆಯುವುದನ್ನು ನೀವು ನೋಡಿರಬಹುದು. ಪ್ರಾಸ್ಟೇಟಿಗೆಂದು ಆಲ್ಫಾ ಬ್ಲಾಕರ್ ಸಿಕ್ಕಿತೆಂದು ಬಿ.ಪಿ. ಮಾತ್ರೆಯನ್ನು ನೀವಾಗಿಯೇ ಬಿಡುವುದು ತಪ್ಪು. ನಾನು ಹೇಳಿದ ಆ ಹಿರಿಯರಿಗೂ ಎರಡು ವಾರದ ನಂತರ ಬಿ.ಪಿ. 148/86 ಇದ್ದುದರಿಂದ ಟೆಲ್ಮಿಸಾರ್ಟಾನ್ 80ಕ್ಕೆ ಏರಿಸಬೇಕಾಯಿತು. ಏರಿಸಿದ ವಾರ ಅವರನ್ನು ಮತ್ತೆ ನಿಲ್ಲಿಸಿ ನೋಡಿದೆ, ಇಳಿತ 8 ಮಾತ್ರ ಇತ್ತು.

ಮೊದಲ ರಾತ್ರಿಗೆಂದು ನಾನು ಚೀಟಿಯ ಹಿಂದೆ ಬರೆದು ಕೊಡುವುದು ಇಷ್ಟು. ಆ ದಿನ ನೀರು ಕಡಿಮೆ ಮಾಡಬೇಡಿ, ಮದ್ಯ ಮುಟ್ಟಬೇಡಿ. ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬಂದ ಮೇಲೆ ಮಾತ್ರೆ ನುಂಗಿ, ಟ್ಯಾಮ್ಸುಲೋಸಿನ್ ಆದರೆ ಊಟದ ಲೆಕ್ಕಕ್ಕೆ. ಮಂಚದ ಪಕ್ಕ ಒಂದು ಮೂತ್ರದ ಪಾತ್ರೆ ಇಟ್ಟುಕೊಳ್ಳಿ, ಆ ಒಂದು ವಾರ ನಾಚಿಕೆ ಬೇಡ. ಬಚ್ಚಲಿಗೇ ಹೋಗುವುದಾದರೆ ದೀಪ ಹಾಕಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಆಮೇಲೆ ಏಳಿ, ಕೂತೇ ಮೂತ್ರ ಮಾಡಿ, ಒಳಗಿನಿಂದ ಚಿಲಕ ಹಾಕಬೇಡಿ. ಕಣ್ಣು ಮಂಜಾದ ಕ್ಷಣವೇ ಗೋಡೆ ಹಿಡಿದು ನಡೆಯಲು ಹೋಗದೆ ಅಲ್ಲೇ ನೆಲಕ್ಕೆ ಕೂತು ಮಲಗಿಬಿಡಿ. ಮರುದಿನ ಸ್ಕೂಟರ್ ತೆಗೆಯಬೇಡಿ, ಬಿಸಿನೀರಿನ ಅಭ್ಯಂಜನವೂ ಆ ವಾರ ಬೇಡ, ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ಒತ್ತಡ ಇನ್ನಷ್ಟು ಇಳಿಯುತ್ತದೆ.

ಸಭೆ ಮುಗಿಯುವ ಹೊತ್ತಿಗೆ ಒಬ್ಬರು ಎದ್ದು, ಮುಂದಿನ ತಿಂಗಳು ಕಣ್ಣಿನ ಪೊರೆಯ ಆಪರೇಷನ್ ಇದೆ, ಈ ಮಾತ್ರೆಗೂ ಅದಕ್ಕೂ ಸಂಬಂಧವಿದೆಯೇ ಎಂದು ಕೇಳಿದರು. ಇದೆ. ಕಣ್ಣಿನ ಪಾಪೆಯನ್ನು ಅರಳಿಸುವ ಸ್ನಾಯುವಿನಲ್ಲಿಯೂ ಇದೇ ಗ್ರಾಹಕಗಳಿವೆ. ಈ ಮಾತ್ರೆ, ಅದರಲ್ಲಿಯೂ ಟ್ಯಾಮ್ಸುಲೋಸಿನ್, ತೆಗೆದುಕೊಂಡವರಲ್ಲಿ ಆಪರೇಷನ್ ಸಮಯದಲ್ಲಿ ಪಾಪೆ ಕುಗ್ಗಿ, ಅದರ ಸುತ್ತಲಿನ ಬಣ್ಣದ ಪರದೆ ಜೋತು ಅಲುಗಾಡುತ್ತದೆಂದು 2005ರಲ್ಲಿ ಕಣ್ಣಿನ ತಜ್ಞರು ವರದಿ ಮಾಡಿದರು. ಮೊದಲೇ ಗೊತ್ತಿದ್ದರೆ ಅವರು ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಂಡು ಕೆಲಸ ಸುಸೂತ್ರವಾಗಿ ಮುಗಿಸುತ್ತಾರೆ. ಆಪರೇಷನ್ನಿಗೆಂದು ಕೆಲವು ದಿನ ಮಾತ್ರೆ ಬಿಟ್ಟರೆ ಕಣ್ಣಿನ ಆ ತೊಂದರೆ ತಪ್ಪುತ್ತದೆಂಬ ಭರವಸೆಯಿಲ್ಲ, ಮತ್ತೆ ಶುರುಮಾಡುವ ರಾತ್ರಿ ಇನ್ನೊಂದು ಮೊದಲ ಡೋಸು ಎದುರಾಗುತ್ತದೆ. ಆದ್ದರಿಂದ ನೀವಾಗಿ ನಿಲ್ಲಿಸಬೇಡಿ, ಹಿಂದೆ ತೆಗೆದುಕೊಂಡು ಬಿಟ್ಟಿದ್ದರೂ ಸರಿಯೇ, ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಅವರಿಗೆ ಹೇಳಿದೆ.